ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಬಂದ ಏಳು ಕೆಲಸಗಳಲ್ಲಿ ಯಾವುದು ಮೊದಲು?

ವಾಸ್ಕೋದ ಬೈನಾ, ಜುವಾರಿನಗರ, ಮಾಪ್ಸಾ, ಫೋಂಡಾ ಭಾಗಗಳಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಪಾಲಕರಿಗೆ ಶಾಲೆಯ ಸೂಚನೆಗಳು ಈಗ ಬಹುಮಟ್ಟಿಗೆ ವಾಟ್ಸ್ಆ್ಯಪ್ ಗುಂಪಿನ ಮೂಲಕವೇ ಬರುತ್ತವೆ. ಗುಂಪಿಗೆ ಗೊತ್ತಿರುವುದು ಒಂದೇ ಕ್ರಮ. ಮೊದಲು ಬಂದದ್ದು ಮೇಲೆ, ಆಮೇಲೆ ಬಂದದ್ದು ಕೆಳಗೆ. ಕ್ರೀಡಾಕೂಟದ ಟೀಶರ್ಟಿನ ಸೂಚನೆಯೂ ನಾಲ್ಕು ವರ್ಷಗಳ ವಿದ್ಯಾರ್ಥಿವೇತನದ ಸೂಚನೆಯೂ ಅಲ್ಲಿ ಒಂದೇ ಗಾತ್ರದ ಅಕ್ಷರಗಳಲ್ಲಿ, ಒಂದೇ ಬಣ್ಣದ ಚೌಕದಲ್ಲಿ ಕಾಣಿಸುತ್ತವೆ. ಯಾವುದನ್ನು ಮೊದಲು ಮಾಡಬೇಕೆಂದು ಆ ತಂತ್ರಾಂಶ ಹೇಳುವುದಿಲ್ಲ. ಹೇಳುವ ವ್ಯವಸ್ಥೆಯೂ ಅದರಲ್ಲಿಲ್ಲ. ಆ ನಿರ್ಣಯವನ್ನು ಮನೆಯವರೇ ಮಾಡಿಕೊಳ್ಳಬೇಕಾಗುತ್ತದೆ. ಅದನ್ನು ಮಾಡುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಜುವಾರಿನಗರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಒಂಬತ್ತನೇ ತರಗತಿ, ಮಗ ಐದನೇ ತರಗತಿ. ತಂದೆಗೆ ದಿನಗೂಲಿ ಕೆಲಸ. ಕಚೇರಿಗೆ ಹೋಗಬೇಕೆಂದರೆ ಅರ್ಧ ದಿನದ ಕೂಲಿ ಬಿಡಬೇಕು. ಮಗಳು ಎಂಟನೇ ತರಗತಿಯಲ್ಲಿದ್ದಾಗ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾಗಿದ್ದಾಳೆ. ಇದು ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಕೇಂದ್ರ ಸರಕಾರ ಕೊಡುವ ವಿದ್ಯಾರ್ಥಿವೇತನ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ಒಟ್ಟು 48,000 ರೂಪಾಯಿ ಸಿಗುತ್ತದೆ. ಇಂದು ಸೆಪ್ಟೆಂಬರ್ 1 ಎಂದುಕೊಳ್ಳೋಣ. ಇಲ್ಲಿ ಬರುವ ದಿನಾಂಕಗಳನ್ನೆಲ್ಲ ಉದಾಹರಣೆಗಾಗಿ ನಾವೇ ಇಟ್ಟುಕೊಂಡಿದ್ದೇವೆ. ನಿಮ್ಮ ವರ್ಷದ ದಿನಾಂಕಗಳನ್ನು ಶಾಲೆಯಲ್ಲಿಯೇ ಕೇಳಿ ತಿಳಿಯಬೇಕು.

ಎರಡು ದಿನಗಳಲ್ಲಿ ಗುಂಪಿಗೆ ಬಂದ ಸೂಚನೆಗಳು, ಬಂದ ಕ್ರಮದಲ್ಲಿಯೇ, ಹೀಗಿವೆ. ಎನ್‌ಎಂಎಂಎಸ್‌ಗೆ ಆಯ್ಕೆಯಾದವರು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಕೊನೆಯ ದಿನಾಂಕ ಅಕ್ಟೋಬರ್ 31. ಐದನೇ ತರಗತಿಯವರು ಅಪಾರ್ ಗುರುತಿನ ಸಂಖ್ಯೆಗಾಗಿ ಒಪ್ಪಿಗೆ ಪತ್ರ ಕೊಡಬೇಕು, ಆಧಾರ್ ನವೀಕರಿಸಿರಬೇಕು, ‘ಆದಷ್ಟು ಬೇಗ’. ಶನಿವಾರ, ಸೆಪ್ಟೆಂಬರ್ 5ರಂದು ಪಾಲಕರ ಸಭೆ. ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ಸೆಪ್ಟೆಂಬರ್ 10ರೊಳಗೆ ಹೆಸರು ಕೊಡಬೇಕು. ಗಣಿತದ ಶಿಕ್ಷಕರು ತಾಯಿಗೆ ಬೇರೆಯಾಗಿ ಬರೆದಿದ್ದಾರೆ: ಮಗಳು ಬೀಜಗಣಿತದಲ್ಲಿ ಹಿಂದಿದ್ದಾಳೆ, ದಿನಕ್ಕೆ ಅರ್ಧ ಗಂಟೆ ಕೂರಿಸಿ. ಕ್ರೀಡಾಕೂಟದ ಟೀಶರ್ಟಿಗೆ ನಾಳೆ ಸಂಜೆಯೊಳಗೆ 250 ರೂಪಾಯಿ. ಕೊನೆಗೆ, ಯಾರೋ ಪಾಲಕರು ಮುಂದೂಡಿದ ಒಂದು ಸಂದೇಶ: ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್, ಇಂದೇ ಕೊನೆಯ ದಿನ, ಈ ಕೊಂಡಿಯನ್ನು ಒತ್ತಿ.

ಹೆಚ್ಚಿನ ಮನೆಗಳಲ್ಲಿ ಆಗುವುದೇನೆಂದರೆ, ಲ್ಯಾಪ್‌ಟಾಪ್ ಕೊಂಡಿಯನ್ನು ಮೊದಲು ಒತ್ತುತ್ತಾರೆ, ಟೀಶರ್ಟಿನ ಹಣವನ್ನು ಎರಡನೆಯದಾಗಿ ಕಳುಹಿಸುತ್ತಾರೆ. ವಿದ್ಯಾರ್ಥಿವೇತನಕ್ಕೆ ‘ಇನ್ನೂ ಎರಡು ತಿಂಗಳಿದೆ’ ಎನ್ನುತ್ತಾರೆ. ಇದನ್ನು ಸೋಮಾರಿತನ ಎನ್ನಲಾಗದು. ಅಮೆರಿಕದ ಸಂಶೋಧಕರಾದ ಮೆಂಗ್ ಝು, ಯಾಂಗ್ ಯಾಂಗ್ ಮತ್ತು ಕ್ರಿಸ್ಟೋಫರ್ ಸೀ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದೇ ನಡವಳಿಕೆ ಕಂಡುಬಂದಿತು. ಎರಡು ಕೆಲಸಗಳಲ್ಲಿ ಒಂದನ್ನು ಆರಿಸಲು ಹೇಳಿದಾಗ, ಪ್ರತಿಫಲ ಕಡಿಮೆಯಿದ್ದರೂ ಗಡುವು ಹತ್ತಿರವಿರುವಂತೆ ತೋರುವ ಕೆಲಸದ ಕಡೆಗೆ ಜನ ವಾಲಿದರು. ಆ ಗಡುವಿಗೆ ನಿಜವಾದ ಅರ್ಥವೇ ಇಲ್ಲದಿದ್ದಾಗಲೂ ಹಾಗೆಯೇ ಆಯಿತು. ಆದರೆ ಆರಿಸುವ ಹೊತ್ತಿನಲ್ಲಿಯೇ ಫಲವೇನೆಂಬುದರ ಕಡೆಗೆ ಗಮನ ಸೆಳೆದಾಗ ಆ ಸೆಳೆತ ತಗ್ಗಿತು. ಆದ್ದರಿಂದ ಮೊದಲ ಹೆಜ್ಜೆ ಬಹಳ ಸಣ್ಣದು: ಪ್ರತಿಯೊಂದು ಕೆಲಸದ ಎದುರು, ಅದು ತಪ್ಪಿದರೆ ಏನು ಹೋಗುತ್ತದೆ ಎಂಬುದನ್ನು ಬರೆಯುವುದು.

ಬರೆಯುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ತಪ್ಪಿದರೆ ನಷ್ಟವೆಷ್ಟು? ಹೋದದ್ದು ಮರಳಿ ಸಿಗುವುದೇ? ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು. ನಷ್ಟ ದೊಡ್ಡದಾಗಿದ್ದು ಮರಳಿ ಸಿಗದಂತಿದ್ದರೆ ಆ ಕೆಲಸಕ್ಕೆ 1. ತಡವಾಗಿಯಾದರೂ, ಓಡಾಡಿಯಾದರೂ ಸರಿಪಡಿಸಬಹುದಾದರೆ 2. ತಪ್ಪಿದರೂ ವರ್ಷದ ಕೊನೆಗೆ ಯಾರಿಗೂ ನೆನಪಿರದ ಕೆಲಸವಾದರೆ 3.

ನಮ್ಮ ಪಟ್ಟಿಗೆ ಇದನ್ನು ಹಚ್ಚಿ ನೋಡೋಣ. ಎನ್‌ಎಂಎಂಎಸ್‌ನ ಹೊಸ ಅರ್ಜಿ ಹಾಕುವುದು ಒಂಬತ್ತನೇ ತರಗತಿಯ ವರ್ಷದಲ್ಲಿ. ಮುಂದಿನ ಮೂರು ವರ್ಷ ಅದನ್ನೇ ನವೀಕರಿಸುತ್ತ ಹೋಗಬೇಕು. ಈ ವರ್ಷದ ಅರ್ಜಿಯೇ ಇಲ್ಲದಿದ್ದರೆ ಮುಂದೆ ನವೀಕರಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಪಣಕ್ಕಿರುವುದು 12,000 ಅಲ್ಲ, 48,000. ಇದು ಸಂಶಯವಿಲ್ಲದೆ 1. ಬೀಜಗಣಿತವೂ 1. ಹತ್ತನೇ ತರಗತಿಯಿಂದ ಹನ್ನೊಂದಕ್ಕೆ ಹೋಗುವಾಗ ಇದೇ ವಿದ್ಯಾರ್ಥಿವೇತನ ಮುಂದುವರಿಯಬೇಕಾದರೆ ಹತ್ತನೇ ತರಗತಿಯಲ್ಲಿ ಶೇ. 60 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 5ರ ವಿನಾಯಿತಿಯಿದೆ. ಒಂಬತ್ತರಲ್ಲಿ ಬಿಟ್ಟ ಬೀಜಗಣಿತವನ್ನು ಹತ್ತರಲ್ಲಿ ಒಂದೇ ತಿಂಗಳಲ್ಲಿ ತುಂಬಿಕೊಳ್ಳುವುದು ಬಹಳ ಕಷ್ಟ. ಮಗನ ಆಧಾರ್ ಮತ್ತು ಅಪಾರ್ 2. ತಡವಾದರೆ ತೊಂದರೆಯಿದೆ, ಆದರೆ ಬಾಗಿಲು ಮುಚ್ಚುವುದಿಲ್ಲ. ಭಾಷಣ ಸ್ಪರ್ಧೆಗೆ 2 ಅಥವಾ 3, ಅದು ಮಗುವಿನ ಆಸೆಯನ್ನು ಅವಲಂಬಿಸಿದ್ದು. ಟೀಶರ್ಟು 3. ಕ್ರೀಡಾಂಗಣದಲ್ಲಿ ತಾನೊಬ್ಬನೇ ಬೇರೆ ಬಣ್ಣದಲ್ಲಿ ನಿಂತ ಮಗುವಿಗೆ ಇದನ್ನು ಹೇಳಿದರೆ ಒಪ್ಪಲಿಕ್ಕಿಲ್ಲ, ಆದರೂ 3. ಲ್ಯಾಪ್‌ಟಾಪ್ ಸಂದೇಶಕ್ಕೆ ಅಂಕೆಯೇ ಬೇಡ; ಶಾಲೆಯವರು ಹೇಳದ, ಸರಕಾರಿ ಜಾಲತಾಣದಲ್ಲಿ ಇಲ್ಲದ, ‘ಇಂದೇ ಕೊನೆ’ ಎಂದು ಕೂಗುವ ಕೊಂಡಿಯನ್ನು ಅಳಿಸಿಬಿಡುವುದೇ ಸರಿ.

ಸಭೆಯನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ. ಬರೀ ಸಭೆ ಎಂದು ನೋಡಿದರೆ ಅದಕ್ಕೆ 2 ಸಾಕು. ಆದರೆ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿಯನ್ನು ಮೊದಲು ಪರಿಶೀಲಿಸುವವರು ಶಾಲೆಯ ನೋಡಲ್ ಅಧಿಕಾರಿ, ಅಂದರೆ ಆ ಕೆಲಸ ವಹಿಸಿಕೊಂಡ ಶಿಕ್ಷಕರು. ಕೂಲಿ ಬಿಡದೆ ಅವರನ್ನು ಕಾಣುವ ಅವಕಾಶ ಶನಿವಾರದ ಸಭೆಯಲ್ಲಿದೆ. ಹೀಗೆ ಒಂದು ಕೆಲಸದ ಮಹತ್ತ್ವ ಕೆಲವೊಮ್ಮೆ ಇನ್ನೊಂದರಿಂದ ಬರುತ್ತದೆ.

ಮಹತ್ತ್ವ ಗೊತ್ತಾಯಿತು. ಉಳಿದದ್ದು ಅವಸರ. ಇವೆರಡೂ ಬೇರೆ ಬೇರೆ ಎಂಬ ಮಾತು ಪ್ರಸಿದ್ಧವಾದದ್ದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಇವಾನ್‌ಸ್ಟನ್‌ನಲ್ಲಿ ಮಾಡಿದ ಭಾಷಣದಿಂದ. ಅವರೂ ಅದನ್ನು ಒಬ್ಬ ಮಾಜಿ ಕಾಲೇಜು ಮುಖ್ಯಸ್ಥರ ಮಾತೆಂದೇ ಹೇಳಿದ್ದರು. ಮುಂದೆ ಸ್ಟೀಫನ್ ಕೋವಿ 1989ರ ತಮ್ಮ ಪುಸ್ತಕದಲ್ಲಿ ಇದನ್ನು ನಾಲ್ಕು ಮನೆಗಳ ಚೌಕವಾಗಿ ಜನಪ್ರಿಯಗೊಳಿಸಿದರು. ಚೌಕ ಒಳ್ಳೆಯದೇ. ಆದರೆ ನಮ್ಮ ಬಗೆಯ ಕೆಲಸಗಳಲ್ಲಿ ಅದು ಒಂದು ಕಡೆ ಮೋಸ ಮಾಡುತ್ತದೆ. ಕೊನೆಯ ದಿನಾಂಕವನ್ನು ನೋಡಿ ಅವಸರವನ್ನು ಅಳೆದರೆ ವಿದ್ಯಾರ್ಥಿವೇತನವು ‘ಮಹತ್ತ್ವದ್ದು, ಅವಸರವಿಲ್ಲ’ ಎಂಬ ಮನೆಯಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಅದು ತಪ್ಪು. ಸರಕಾರಿ ಕಾಗದಪತ್ರದ ಕೆಲಸದಲ್ಲಿ ನೋಡಬೇಕಾದದ್ದು ಯಾವ ದಿನ ಮುಗಿಸಬೇಕು ಎಂಬುದನ್ನಲ್ಲ, ಯಾವ ದಿನದ ನಂತರ ಆರಂಭಿಸಿದರೆ ಮುಗಿಯುವುದಿಲ್ಲ ಎಂಬುದನ್ನು.

ಅದನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಕೊನೆಯ ದಿನಾಂಕ ಅಕ್ಟೋಬರ್ 31. ಅರ್ಜಿ ಮೊದಲು ಶಾಲೆಯ ಪರಿಶೀಲನೆಗೆ, ನಂತರ ಜಿಲ್ಲಾ ಮಟ್ಟದ ಪರಿಶೀಲನೆಗೆ ಹೋಗುತ್ತದೆ. ದೋಷ ಕಂಡರೆ ತಿದ್ದಲು ಹಿಂದಕ್ಕೆ ಕಳುಹಿಸುತ್ತಾರೆ. ಆ ತಿದ್ದುಪಡಿಗೆ ಹದಿನೈದು ದಿನ ಕೈಯಲ್ಲಿ ಇರಬೇಕೆಂದರೆ ಅರ್ಜಿ ಅಕ್ಟೋಬರ್ 15ಕ್ಕೆ ಹೋಗಿರಬೇಕು. ಅರ್ಜಿ ತುಂಬುವ ಮೊದಲು ಪೋರ್ಟಲ್‌ನಲ್ಲಿ ‘ಒಂದು ಬಾರಿಯ ನೋಂದಣಿ’ ಆಗಬೇಕು, ಪತ್ರಗಳನ್ನು ಸ್ಕ್ಯಾನ್ ಮಾಡಿಸಬೇಕು. ಸರ್ವರ್ ನಿಂತುಹೋಗುವ ದಿನಗಳನ್ನೂ ಸೇರಿಸಿ ಐದು ದಿನ ಇಟ್ಟುಕೊಂಡರೆ ಅಕ್ಟೋಬರ್ 10. ಅಂದು ಎಲ್ಲ ಕಾಗದಗಳೂ ಕೈಯಲ್ಲಿರಬೇಕು.

ಈಗ ಕಾಗದಗಳ ಕಡೆಗೆ ಬರೋಣ. ಆದಾಯ ಪ್ರಮಾಣಪತ್ರವನ್ನು ಮಾಮಲೇದಾರರ ಕಚೇರಿ ಕೊಡುತ್ತದೆ; ಮುರಗಾಂವ್ ತಾಲೂಕಿನವರಿಗೆ ಅದು ವಾಸ್ಕೋದಲ್ಲಿಯೇ ಇದೆ, ಗೋವಾ ಆನ್‌ಲೈನ್ ಮೂಲಕವೂ ಅರ್ಜಿ ಹಾಕಬಹುದು. ಅದಕ್ಕೆ ಹದಿನೈದು ದಿನ ಬಿಟ್ಟುಕೊಂಡರೂ ಸೆಪ್ಟೆಂಬರ್ 25ರಂದು ಆರಂಭಿಸಿದರೆ ನಡೆಯುತ್ತದೆ. ಅಲ್ಲಿಯವರೆಗೆ ಎಲ್ಲವೂ ಸಲೀಸು.

ತೊಡಕು ಬರುವುದು ಹೆಸರಿನಲ್ಲಿ. ನಮ್ಮವರಲ್ಲಿ ಇದು ಬಹಳ ಸಾಮಾನ್ಯ. ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರೂ ಇರುತ್ತವೆ. ಊರಿನಲ್ಲಿ ಮಾಡಿಸಿದ ಆಧಾರಿನಲ್ಲಿ ಬರೀ ಮಗುವಿನ ಹೆಸರಿರುತ್ತದೆ, ಇಲ್ಲವೇ ಮನೆತನದ ಹೆಸರಿನ ಇಂಗ್ಲಿಷ್ ಅಕ್ಷರಗಳು ಬೇರೆಯಾಗಿರುತ್ತವೆ. ಪೋರ್ಟಲ್‌ನ ನೋಂದಣಿ ಆಧಾರಿನ ಹೆಸರಿನ ಮೇಲೆಯೇ ನಡೆಯುವುದರಿಂದ, ಶಾಲೆಯ ಪರಿಶೀಲನೆಯಲ್ಲಿ ಹೆಸರು ಹೊಂದದೆ ಅರ್ಜಿ ನಿಲ್ಲಬಹುದು. ನಮ್ಮ ಉದಾಹರಣೆಯ ಹುಡುಗಿಯ ಆಧಾರಿನಲ್ಲಿಯೂ ಮನೆತನದ ಹೆಸರಿಲ್ಲ ಎಂದುಕೊಳ್ಳಿ. ಆಧಾರ್ ತಿದ್ದುಪಡಿ ಕೆಲವೇ ದಿನಗಳಲ್ಲಿ ಆಗಬಹುದು, ತಿಂಗಳೂ ಹಿಡಿಯಬಹುದು. ಲೆಕ್ಕಕ್ಕೆ ಮೂವತ್ತು ದಿನ ಹಿಡಿಯಬೇಕು. ಅಕ್ಟೋಬರ್ 10ರಿಂದ ಮೂವತ್ತು ದಿನ ಹಿಂದೆ ಹೋದರೆ ಸೆಪ್ಟೆಂಬರ್ 10. ಸೆಪ್ಟೆಂಬರ್ ಮಧ್ಯದಲ್ಲಿ ಚೌತಿ. ಗೋವಾದಲ್ಲಿ ಆ ವಾರ ಕಚೇರಿ, ಬ್ಯಾಂಕು, ಶಾಲೆ ಯಾವುದರ ಮೇಲೂ ಭರವಸೆ ಇಡುವಂತಿಲ್ಲ. ಇನ್ನೊಂದು ವಾರ ಕಳೆದರೆ ಸೆಪ್ಟೆಂಬರ್ 3.

ಅಕ್ಟೋಬರ್ 31 ಎಂದು ಗುಂಪಿನಲ್ಲಿ ಬರೆದಿದ್ದ ಕೆಲಸವನ್ನು ಆರಂಭಿಸಲು ಉಳಿದಿರುವುದು ಎರಡೇ ದಿನ.

ಎಲ್ಲ ಮನೆಗಳಲ್ಲಿಯೂ ಲೆಕ್ಕ ಇಷ್ಟು ಬಿಗಿಯಾಗಿರುವುದಿಲ್ಲ. ಹೆಸರು ಹೊಂದಿದರೆ ಸೆಪ್ಟೆಂಬರ್ 25ರವರೆಗೆ ಬಿಡುವಿದೆ. ಆದರೆ ಯಾವುದು ನಿಜವೆಂದು ತಿಳಿಯಲು ಆಧಾರ್ ಕಾರ್ಡನ್ನೂ ಶಾಲೆಯ ದಾಖಲೆಯನ್ನೂ ಜನನ ಪ್ರಮಾಣಪತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟು ಅಕ್ಷರ ಅಕ್ಷರ ಓದಬೇಕು. ಹತ್ತು ನಿಮಿಷದ ಕೆಲಸ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ಇದೇ. ಏಕೆಂದರೆ ಉಳಿದ ದಿನಾಂಕಗಳನ್ನು ತೀರ್ಮಾನಿಸುವುದು ಇದರ ಫಲ. ಮೂರರಲ್ಲಿ ಯಾವುದನ್ನು ತಿದ್ದಿಸಬೇಕು ಎಂಬುದಕ್ಕೆ ಸಾಮಾನ್ಯವಾಗಿ ಜನನ ಪ್ರಮಾಣಪತ್ರವೇ ಆಧಾರ. ತಾಯಿಯ ತವರಿನಲ್ಲಿ, ಬಾಗಲಕೋಟೆಯಲ್ಲೋ ಗದಗಿನಲ್ಲೋ ಹುಟ್ಟಿದ ಮಗುವಿನ ಪ್ರಮಾಣಪತ್ರ ಊರಿನ ಮನೆಯ ಪೆಟ್ಟಿಗೆಯಲ್ಲಿದ್ದರೆ, ಚೌತಿಗೆ ಹೋದಾಗ ತರೋಣ ಎನ್ನದೆ ಇಂದೇ ಫೋನ್ ಮಾಡಿ ಅದರ ಚಿತ್ರ ತರಿಸಿ ನೋಡುವುದು ಲೇಸು; ಮೂಲ ಪ್ರತಿ ಬೇಕಾದರೆ ಯಾರ ಕೈಯಲ್ಲಿ ಕಳುಹಿಸಬೇಕೆಂಬುದೂ ಆಗಲೇ ತಿಳಿಯುತ್ತದೆ.

ಇನ್ನು ಈ ಕ್ರಮವನ್ನು ಫೋನಿನಲ್ಲಿ ಹೇಗೆ ಉಳಿಸಿಕೊಳ್ಳುವುದು ಎಂಬ ಪ್ರಶ್ನೆ. ವಾಟ್ಸ್ಆ್ಯಪ್‌ನಲ್ಲಿ ಸಂದೇಶಕ್ಕೆ ನಕ್ಷತ್ರ ಹಾಕಬಹುದು, ಆದರೆ ನಕ್ಷತ್ರಗಳ ನಡುವೆ ಮತ್ತೆ ಮೇಲು ಕೀಳಿಲ್ಲ. ಗುಂಪಿನಲ್ಲಿ ಸಂದೇಶವನ್ನು ಮೇಲೆ ಅಂಟಿಸಿಡುವ ಸೌಲಭ್ಯ ಗರಿಷ್ಠ 30 ದಿನಗಳದ್ದು. ಅಕ್ಟೋಬರ್ 31ರ ಕೆಲಸವನ್ನು ಸೆಪ್ಟೆಂಬರ್ 1ರಂದು ಅಂಟಿಸಿದರೆ ಕೆಲಸಕ್ಕಿಂತ ಮೊದಲು ಅಂಟೇ ಬಿಟ್ಟಿರುತ್ತದೆ. ಆದ್ದರಿಂದ ಕೆಲಸಗಳನ್ನು ಗುಂಪಿನಿಂದ ಹೊರಗೆ ತೆಗೆದು ಬೇರೆ ಕಡೆ ಬರೆಯಬೇಕು. ಬಹಳಷ್ಟು ಜನರ ಫೋನಿನಲ್ಲಿ ಸಿಗುವ ಗೂಗಲ್ ಟಾಸ್ಕ್ಸ್ ಇದಕ್ಕೆ ಸಾಕು. ಆದರೆ ಅದರಲ್ಲಿಯೂ ಆದ್ಯತೆಯನ್ನು ಒಂದು, ಎರಡು, ಮೂರು ಎಂದು ತುಂಬುವ ಸ್ಥಳವಿಲ್ಲ. ದಿನಾಂಕವಿದೆ, ನಕ್ಷತ್ರವಿದೆ, ಬೆರಳಿನಿಂದ ಎಳೆದು ಮೇಲೆ ಕೆಳಗೆ ಮಾಡುವ ಸೌಲಭ್ಯವಿದೆ, ಅಷ್ಟೇ.

ಹಾಗಾಗಿ ಆದ್ಯತೆಯನ್ನು ಹೆಸರಿನಲ್ಲಿಯೇ ಬರೆಯಬೇಕು. ಮೊದಲು ಅಂಕೆ, ನಂತರ ಮಾಡಬೇಕಾದ ಕೆಲಸ, ಕೊನೆಗೆ ಗಡುವು ಮತ್ತು ನಷ್ಟ. ಹೀಗೆ:

```
1 ಆಧಾರ್-ಶಾಲಾ ದಾಖಲೆ ಹೋಲಿಸು (ಗಡುವು 31/10, ₹48,000)
```

ದಿನಾಂಕದ ಸ್ಥಳದಲ್ಲಿ ಗಡುವನ್ನು ಹಾಕಬಾರದು. ಆರಂಭದ ದಿನವನ್ನು, ಇಲ್ಲಿ ಸೆಪ್ಟೆಂಬರ್ 2ನ್ನು ಹಾಕಬೇಕು. ಫೋನು ನೆನಪಿಸುವುದು ಆ ದಿನದಂದೇ. ಗಡುವನ್ನೇ ಹಾಕಿಟ್ಟರೆ ಅಕ್ಟೋಬರ್ 31ರಂದು ಬೆಳಿಗ್ಗೆ ಅದು ನಿಷ್ಠೆಯಿಂದ ನೆನಪಿಸುತ್ತದೆ. ಅಷ್ಟರಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ.

ಪಟ್ಟಿಯನ್ನು `Date` ಕ್ರಮದಲ್ಲಿ ನೋಡಿದರೆ ಇನ್ನೊಂದು ಅಪಾಯವಿದೆ. ದಿನಾಂಕವಿಲ್ಲದ ಕೆಲಸಗಳೆಲ್ಲ ತಳಕ್ಕೆ ಹೋಗುತ್ತವೆ. ನಮ್ಮ ಪಟ್ಟಿಯಲ್ಲಿ ಹಾಗೆ ತಳ ಸೇರುವುದು ಬೀಜಗಣಿತ, ಅಂದರೆ 1 ಎಂದು ಗುರುತಿಸಿದ ಎರಡು ಕೆಲಸಗಳಲ್ಲಿ ಒಂದು. ಅದಕ್ಕೆ ಯಾರೂ ಗಡುವು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆದ್ದರಿಂದ ಅದನ್ನು ಪ್ರತಿದಿನ ಮರುಕಳಿಸುವ ಕೆಲಸವಾಗಿ, ಸಂಜೆ ಏಳಕ್ಕೋ ಎಂಟಕ್ಕೋ, ಮನೆಯ ಅನುಕೂಲದ ಹೊತ್ತಿಗೆ ಇಡಬೇಕು. ಮಹತ್ತ್ವದ ಕೆಲಸಕ್ಕೆ ದಿನಾಂಕವಿಲ್ಲದಿದ್ದರೆ ದಿನಾಂಕವನ್ನು ನಾವೇ ಹುಟ್ಟಿಸಬೇಕಾಗುತ್ತದೆ. ಪಟ್ಟಿಯ ಕ್ರಮವನ್ನು `My order` ಎಂದು ಇಟ್ಟು ಕೈಯಾರೆ ಎಳೆದು ಜೋಡಿಸುವುದು ಇನ್ನೊಂದು ದಾರಿ. ಹತ್ತು ಹನ್ನೆರಡು ಕೆಲಸಗಳವರೆಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಯಾವುದನ್ನು ಏಕೆ ಮೇಲಿಟ್ಟೆವು ಎಂಬುದೇ ಮರೆತುಹೋಗುತ್ತದೆ, ಆಗ ಹೆಸರಿನಲ್ಲಿರುವ ಅಂಕೆಯೇ ನೆರವಿಗೆ ಬರುವುದು. ಫೋನು ಬೇಡವೆನ್ನುವವರು ಗೋಡೆಯ ಕ್ಯಾಲೆಂಡರಿನಲ್ಲಿ ಆರಂಭದ ದಿನದ ಚೌಕದೊಳಗೆ ಇದೇ ಸಾಲನ್ನು ಬರೆದರೂ ಫಲ ಒಂದೇ.

ಅಂಕೆ ಮತ್ತು ದಿನಾಂಕ ಸಿಕ್ಕ ಮೇಲೆ ಒಂದು ಸಲ ಸ್ಥಳವನ್ನು ನೋಡಬೇಕು. ಕೂಲಿ ಬಿಟ್ಟು ಹೋಗುವ ಮನೆಗೆ ಕೊರತೆಯಿರುವುದು ಗಂಟೆಗಳದ್ದಲ್ಲ, ಅರ್ಧ ದಿನಗಳದ್ದು. ಮಗಳ ಆಧಾರ್ ತಿದ್ದಿಸಲು ಸೆಪ್ಟೆಂಬರ್ 3ರಂದು ಆಧಾರ್ ಕೇಂದ್ರಕ್ಕೆ ಹೋಗಲೇಬೇಕಾದರೆ ಮಗನನ್ನೂ ಕರೆದೊಯ್ಯುವುದು ಲೇಸು. ಮಕ್ಕಳ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಐದು ವರ್ಷ ತುಂಬಿದ ಮೇಲೆ ಒಂದು ಸಲ, ಹದಿನೈದು ವರ್ಷ ತುಂಬಿದ ಮೇಲೆ ಇನ್ನೊಂದು ಸಲ ಕಡ್ಡಾಯವಾಗಿ ಆಧಾರಿಗೆ ಸೇರಿಸಬೇಕು. ಹತ್ತು ವರ್ಷದ ಹುಡುಗನ ಮೊದಲನೆಯ ನವೀಕರಣ ಬಾಕಿಯಿದ್ದರೆ ಅದೇ ಸರದಿಯಲ್ಲಿ ಮುಗಿಯುತ್ತದೆ. ಹೀಗೆ 2 ಎಂದು ಗುರುತಿಸಿದ ಕೆಲಸವೊಂದು 1ರ ಬೆನ್ನು ಹಿಡಿದು ಮೇಲಕ್ಕೆ ಬರುತ್ತದೆ. ಟೀಶರ್ಟಿನ ಹಣ ಫೋನಿನಿಂದಲೇ ಎರಡು ನಿಮಿಷದಲ್ಲಿ ಹೋಗುವಂಥದ್ದು. ಕೇಂದ್ರದಲ್ಲಿ ಸರದಿಗಾಗಿ ಕಾಯುವಾಗಲೋ ಬಸ್ಸಿನಲ್ಲಿಯೋ ಮಾಡುತ್ತೇವೆ ಎಂದರೆ ಅದರ ಗಡುವು ಸೆಪ್ಟೆಂಬರ್ 2ರ ಸಂಜೆಗೇ ಮುಗಿದಿರುತ್ತದೆ, ಆದ್ದರಿಂದ ಇಂದು ರಾತ್ರಿಯೇ ಕಳುಹಿಸಬೇಕು. ಆದರೆ ಕಾಗದಗಳನ್ನು ಹೋಲಿಸಿ ನೋಡಿದ ಮೇಲೆ.

ಬ್ಯಾಂಕಿನ ಕೆಲಸವನ್ನು ಗುಂಪಿನಲ್ಲಿ ಯಾರೂ ಹೇಳಿಲ್ಲ, ಆದರೂ ಪಟ್ಟಿಗೆ ಸೇರಿಸಬೇಕು. ವಿದ್ಯಾರ್ಥಿವೇತನ ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಬರುತ್ತದೆ. ಮಗಳ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ಎಲ್ಲಿಯೂ ಇಲ್ಲದಿದ್ದರೆ ಅರ್ಜಿ ಮಂಜೂರಾದರೂ ಹಣ ಬಂದು ಸೇರುವುದಿಲ್ಲ. ಇದಕ್ಕೂ ಅಂಕೆ 1. ಆದರೆ ಹಣ ಬಿಡುಗಡೆಯಾಗುವುದು ಪರಿಶೀಲನೆಗಳೆಲ್ಲ ಮುಗಿದ ಮೇಲೆ. ಹೆಸರು ತಿದ್ದಿದ ಆಧಾರ್ ಕೈಗೆ ಬಂದ ನಂತರ ಬ್ಯಾಂಕಿಗೆ ಹೋಗುವುದೇ ಸರಿ, ಇಲ್ಲವಾದರೆ ಎರಡು ಸಲ ಹೋಗಬೇಕಾದೀತು. ಆರಂಭದ ದಿನ ಅಕ್ಟೋಬರ್ 5 ಎಂದು ಬರೆದುಕೊಂಡರೆ ಸಾಕು. ಮಹತ್ತ್ವ ಒಂದೇ ಆಗಿದ್ದರೂ ಎರಡು ಕೆಲಸಗಳ ಸ್ಥಾನ ಪಟ್ಟಿಯಲ್ಲಿ ಒಂದು ತಿಂಗಳಷ್ಟು ದೂರವಾಗುವುದು ಹೀಗೆ.

ಕ್ರಮ ತಪ್ಪಾಗಿದೆ ಎಂದು ತಿಳಿಯುವುದು ಹೇಗೆ? ಭಾನುವಾರ ಹತ್ತು ನಿಮಿಷ ಪಟ್ಟಿಯನ್ನು ತೆರೆದು ನೋಡಿದರೆ ಎರಡು ಲಕ್ಷಣಗಳು ಕಾಣುತ್ತವೆ. ಅರ್ಧಕ್ಕಿಂತ ಹೆಚ್ಚು ಕೆಲಸಗಳಿಗೆ 1 ಬಿದ್ದಿದ್ದರೆ ನಷ್ಟದ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಲ್ಲ ಎಂದರ್ಥ. ಹೆಚ್ಚಾಗಿ ಇದು ಶಾಲೆಯವರು ಬೇಸರಪಟ್ಟುಕೊಂಡಾರು ಎಂಬ ಹಿಂಜರಿಕೆಯಿಂದ ಬರುತ್ತದೆ. ಎರಡನೆಯದು, 1 ಎಂದು ಗುರುತಿಸಿದ ಒಂದೇ ಕೆಲಸ ಎರಡು ವಾರ ಅಲ್ಲಿಯೇ ಕುಳಿತಿದ್ದರೆ, ಬರೆದ ರೀತಿಯಲ್ಲಿ ದೋಷವಿದೆ. ‘ಸ್ಕಾಲರ್‌ಶಿಪ್’ ಎಂದು ಬರೆದರೆ ಅದು ಕೆಲಸವಲ್ಲ, ಚಿಂತೆ. ‘ಆಧಾರ್-ಶಾಲಾ ದಾಖಲೆ ಹೋಲಿಸು’ ಎನ್ನುವುದು ಕೆಲಸ. ಅದು ಮುಗಿದ ಮೇಲೆ ಅದರ ಸ್ಥಾನಕ್ಕೆ ‘ಆಧಾರ್ ಕೇಂದ್ರ, ಮಗ ಮಗಳು ಇಬ್ಬರೂ’ ಬರುತ್ತದೆ, ನಂತರ ‘ಸಭೆಯಲ್ಲಿ ನೋಡಲ್ ಶಿಕ್ಷಕರನ್ನು ಕೇಳು: ಹೆಸರು ತಿದ್ದುವವರೆಗೆ ಕಾಯಬೇಕೇ?’ ಎಂಬುದು. ಶಿಕ್ಷಕರು ಕಾಯಬೇಕಿಲ್ಲ ಎಂದರೆ ಲೆಕ್ಕವೆಲ್ಲ ಬದಲಾಗುತ್ತದೆ. ಮೂವತ್ತು ದಿನಗಳ ಕೊಂಡಿ ಕಳಚಿ, ಆದಾಯ ಪ್ರಮಾಣಪತ್ರ ಮೇಲಕ್ಕೆ ಬಂದು, ಶನಿವಾರ ರಾತ್ರಿ ಪಟ್ಟಿಯನ್ನು ಮತ್ತೊಮ್ಮೆ ಜೋಡಿಸಬೇಕಾಗುತ್ತದೆ.